ಪೈಪು ಒಡೆಯಿತು, ಖರ್ಚು ಯಾರದು?

ಜಂಗಮಕೋಟೆ ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಊರು. ಸುತ್ತಮುತ್ತ ಹಿಪ್ಪುನೇರಳೆ ತೋಟಗಳಿವೆ. ರೇಷ್ಮೆ ಹುಳು ಸಾಕುವವರು, ನೂಲು ತೆಗೆಯುವವರು ಬಹಳ ಜನ. ಸ್ವಂತ ಮನೆ ಇಲ್ಲದವರು ಬಾಡಿಗೆ ಮನೆಯಲ್ಲಿ ಇರುತ್ತಾರೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೊಳವೆ ಬಾವಿಯ ನೀರನ್ನು ತೊಟ್ಟಿಗೆ, ಟ್ಯಾಂಕಿಗೆ ತುಂಬಿಸಿ ಇಟ್ಟುಕೊಳ್ಳಬೇಕು. ಅದಕ್ಕೇ ಟ್ಯಾಂಕು ಸೋರಿದರೆ ಮನೆಯವರ ಎದೆ ಧಸಕ್ ಎನ್ನುತ್ತದೆ.

ಬಾಡಿಗೆ ಮನೆಯಲ್ಲಿ ಹೀಗೆ ನೀರು ಸೋರಿತು ಅಂತ ಇಟ್ಟುಕೊಳ್ಳೋಣ. ಮಾಲೀಕರು ಊರಲ್ಲಿಲ್ಲ. ಕಾಯುವ ಹಾಗಿಲ್ಲ. ನಾವೇ ಪ್ಲಂಬರನ್ನು ಕರೆಸಿ ಕೈಯಿಂದ ದುಡ್ಡು ಕೊಟ್ಟೆವು. ಆ ದುಡ್ಡನ್ನು ವಾಪಸು ಕೇಳುವುದು ಹೇಗೆ? ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದೇ? ಈ ಪಾಠದಲ್ಲಿ ಅದನ್ನು ಕಲಿಯೋಣ. ಇದಕ್ಕಾಗಿ ಒಂದು ಉದಾಹರಣೆ ಕಟ್ಟಿಕೊಂಡಿದ್ದೇವೆ.

ಭಾನುವಾರ ಸಂಜೆ ನಡೆದದ್ದು

ಒಬ್ಬ ಅಕ್ಕ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುತ್ತಾಳೆ. ಗಂಡ ಗೂಡಿನ ಮಾರುಕಟ್ಟೆಗೆ ಬಾಡಿಗೆ ಆಟೋ ಓಡಿಸುತ್ತಾನೆ. ಅವರ ಮನೆಗೆ ತಿಂಗಳಿಗೆ 4500 ರೂಪಾಯಿ ಬಾಡಿಗೆ. ಮನೆ ಮಾಲೀಕರು ಇರುವುದು ಬೆಂಗಳೂರಿನಲ್ಲಿ.

2025ರ ಜೂನ್ 8, ಭಾನುವಾರ ಸಂಜೆ. ಅಕ್ಕ ಒಲೆ ಮುಂದೆ ಇದ್ದಳು. ಗೋಡೆ ಮೇಲೆ ನೀರು ಇಳಿಯುವುದು ಕಾಣಿಸಿತು. ನೀರು ಕರೆಂಟು ಮೀಟರಿನ ಹಲಗೆ ಕಡೆಗೆ ಬರುತ್ತಿತ್ತು. ಅಕ್ಕ ಮಕ್ಕಳನ್ನು ಹೊರಗೆ ಕಳಿಸಿದಳು. ಮೇನ್ ಸ್ವಿಚ್ಚಿನ ತನಕ ನೀರು ಇನ್ನೂ ಬಂದಿರಲಿಲ್ಲ. ಒಣಗಿದ ಕೈಯಲ್ಲಿ, ಚಪ್ಪಲಿ ಹಾಕಿಕೊಂಡು ಸ್ವಿಚ್ಚು ಆರಿಸಿದಳು. ಸ್ವಿಚ್ಚೇ ನೆನೆದಿದ್ದರೆ ಮುಟ್ಟಬಾರದಾಗಿತ್ತು. ಆಗ ಲೈನ್‌ಮನ್‌ಗೆ ಹೇಳಬೇಕು.

ಗಂಡ ಮಾಳಿಗೆ ಹತ್ತಿ ನೋಡಿದ. ಟ್ಯಾಂಕಿನ ಬುಡದಲ್ಲಿ ಪೈಪು ಸೇರುವ ಜಾಗ ಸೀಳಿತ್ತು. ವಾಲ್ವ್ ತಿರುಗಿಸಿದ. ನೀರು ನಿಲ್ಲಲಿಲ್ಲ. ಯಾಕೆ? ಸೀಳು ಇದ್ದದ್ದು ಟ್ಯಾಂಕಿಗೂ ವಾಲ್ವ್‌ಗೂ ನಡುವೆ. ವಾಲ್ವ್ ಮುಚ್ಚಿದರೆ ಅದರ ಮುಂದಿನ ನೀರು ಮಾತ್ರ ನಿಲ್ಲುತ್ತದೆ. ಅದರ ಹಿಂದಿನ ಸೋರಿಕೆ ನಿಲ್ಲುವುದಿಲ್ಲ. ಟ್ಯಾಂಕು ಬರಿದಾಗುವ ತನಕ ನೀರು ಗೋಡೆಗೇ ಇಳಿಯುತ್ತದೆ.

ಅಕ್ಕ ಮಾಲೀಕರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಎರಡು ಸಲ ಮಾಡಿದಳು. ಆಮೇಲೆ ಮಗಳ ಕೈಲಿ ಫೋನಿನಲ್ಲೇ ಸುದ್ದಿ ಬರೆಸಿ ಕಳಿಸಿದಳು:

“ಅಣ್ಣಾ, ಟ್ಯಾಂಕಿನ ಹತ್ರ ಪೈಪು ಸೀಳೋಗಿದೆ. ನೀರು ಮೀಟರ್ ಕಡೆ ಬರ್ತಾ ಇದೆ. ನಿಮ್ಗೆ ಫೋನ್ ಮಾಡ್ದೆ, ಸಿಗ್ಲಿಲ್ಲ. ಕಾಯೋಕಾಗಲ್ಲ. ಪ್ಲಂಬರನ್ನ ಕರೆಸ್ತಾ ಇದೀವಿ. ಖರ್ಚಿನ ಬಿಲ್ಲು ಕೊಡ್ತೀವಿ.”

ಜೊತೆಗೆ ಸೀಳಿದ ಪೈಪಿನ, ನೆನೆದ ಗೋಡೆಯ ಫೋಟೋ ಕಳಿಸಿದಳು. ಇದು ಬಹಳ ಮುಖ್ಯ. ಯಾಕೆ ಅಂತ ಮುಂದೆ ನೋಡೋಣ.

ಪ್ಲಂಬರು ಬಂದ. ಹಾರ್ಡ್‌ವೇರ್ ಅಂಗಡಿಗೆ ಎರಡು ಸಲ ಹೋಗಿ ಬಂದ. ರಾತ್ರಿ ಒಂಬತ್ತೂವರೆಗೆ ಕೆಲಸ ಮುಗಿಯಿತು. “ಬಿಸಿಲಿಗೆ ಕಾಯ್ದು ಕಾಯ್ದು ಈ ಪೈಪು ಹಪ್ಪಳ ಆಗೋಗಿದೆ ನೋಡಕ್ಕ,” ಎಂದು ಹಳೆ ತುಂಡು ತೋರಿಸಿದ. ಅಕ್ಕ ಆ ತುಂಡನ್ನು ಎಸೆಯಲಿಲ್ಲ. ಒಂದು ಚೀಲದಲ್ಲಿ ಹಾಕಿ ಇಟ್ಟಳು.

ಅಡುಗೆ ಮನೆಯ ನಲ್ಲಿಯೂ ಹದಿನೈದು ದಿನದಿಂದ ತೊಟ್ಟಿಕ್ಕುತ್ತಿತ್ತು. ಗಡಸು ನೀರಿನ ಉಪ್ಪು ಕಟ್ಟಿ ಅದು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೇಗೂ ಪ್ಲಂಬರು ಬಂದಿದ್ದಾನೆ ಅಂತ ಅದನ್ನೂ ಬದಲಾಯಿಸಿದರು.

ಯಾವುದು ಯಾರ ಖರ್ಚು?

ರಿಪೇರಿ ಎಲ್ಲಾ ಮಾಲೀಕರದೇ ಅಲ್ಲ. ಎಲ್ಲಾ ಬಾಡಿಗೆದಾರರದೂ ಅಲ್ಲ. ಮೊದಲು ಬಾಡಿಗೆ ಕರಾರು ಪತ್ರ ತೆಗೆದು ಓದಬೇಕು. ರಿಪೇರಿ ಯಾರು ಮಾಡಿಸಬೇಕು ಅಂತ ಅದರಲ್ಲಿ ಒಂದು ಸಾಲು ಇರಬಹುದು. ಆ ಸಾಲೇ ನಮಗೆ ಆಧಾರ.

ಆಸ್ತಿ ವರ್ಗಾವಣೆ ಕಾಯಿದೆ ಅಂತ 1882ರ ಒಂದು ಕಾಯಿದೆ ಇದೆ. ಅದರ 108ನೇ ಕಲಮು ಬಾಡಿಗೆದಾರರ ಮತ್ತು ಮಾಲೀಕರ ಹಕ್ಕು, ಹೊಣೆಗಳನ್ನು ಹೇಳುತ್ತದೆ. ಅದರಲ್ಲಿ ಒಂದು ಮಾತು ನಮಗೆ ಬೇಕಾದದ್ದು. ಮಾಲೀಕರು ಮಾಡಿಸಲೇಬೇಕಾದ ರಿಪೇರಿ ಒಂದಿದೆ. ಬಾಡಿಗೆದಾರರು ಅವರಿಗೆ ತಿಳಿಸಿದರು. ತಕ್ಕ ಸಮಯದಲ್ಲಿ ಅವರು ಮಾಡಿಸಲಿಲ್ಲ. ಆಗ ಬಾಡಿಗೆದಾರರೇ ಮಾಡಿಸಿ, ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಇಲ್ಲವೇ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು.

ಇದರಲ್ಲಿ ಎರಡು ಗಂಟುಗಳಿವೆ. ಒಂದು, ಅದು ಮಾಲೀಕರು ‘ಮಾಡಿಸಲೇಬೇಕಾದ’ ರಿಪೇರಿ ಆಗಿರಬೇಕು. ಯಾವ ರಿಪೇರಿ ಅವರದು ಅಂತ ಆ ಕಲಮು ಪಟ್ಟಿ ಕೊಡುವುದಿಲ್ಲ. ಅದಕ್ಕೇ ಕರಾರಿನ ಸಾಲು ಮುಖ್ಯ. ಎರಡು, ಮೊದಲು ‘ತಿಳಿಸಿರಬೇಕು’. ಅಕ್ಕ ಮೂರು ಸಲ ಫೋನ್ ಮಾಡಿ, ಸುದ್ದಿ ಬರೆದು ಕಳಿಸಿದ್ದು ಇದಕ್ಕೇ. ಅವಸರದಲ್ಲಿ ಮಾಲೀಕರ ಉತ್ತರಕ್ಕೆ ಕಾಯಲು ಆಗದಿರಬಹುದು. ಆದರೆ ತಿಳಿಸಲು ಒಂದು ನಿಮಿಷ ಸಾಕು.

ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ? ಆಗ ‘ಹಕ್ಕು’ ಅಂತ ಜೋರಾಗಿ ಕೇಳುವುದು ಕಷ್ಟ. ಮಾತಾಡಿ ಒಪ್ಪಿಸಬೇಕು. ಮಾತಿಗೆ ಒಂದು ಆಸರೆ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯಿದೆ ತಯಾರಿಸಿ ರಾಜ್ಯಗಳಿಗೆ ಕಳಿಸಿತು. ಮಾದರಿ ಅಂದರೆ ಅದೇ ಕಾನೂನಲ್ಲ. ರಾಜ್ಯ ತನ್ನ ಕಾಯಿದೆ ಮಾಡಿದರೆ ಮಾತ್ರ ಅದಕ್ಕೆ ಬಲ. ಆದರೂ ಅದರಲ್ಲಿ ಒಂದು ಪಟ್ಟಿ ಇದೆ. ಕಟ್ಟಡದ ರಿಪೇರಿ, ಸುಣ್ಣ ಬಣ್ಣ, ಬೇಕಾದಾಗ ಪೈಪು ಬದಲಿಸುವುದು, ವಿದ್ಯುತ್ ತಂತಿ, ಇವು ಮಾಲೀಕರ ಕಡೆ. ನಲ್ಲಿ, ನಲ್ಲಿಯ ವಾಷರ್, ಮೋರಿ ಶುಚಿ, ಸ್ವಿಚ್ಚು, ಇವು ಬಾಡಿಗೆದಾರರ ಕಡೆ. ನ್ಯಾಯವಾಗಿ ನೋಡಿದರೂ ಹೀಗೇ ಅಲ್ಲವೇ? ದಿನಾ ತಿರುಗಿಸಿ ಸವೆಯುವುದು ಬಳಸುವವರದು. ಕಟ್ಟಡಕ್ಕೆ ಅಂಟಿ ವಯಸ್ಸಾಗಿ ಕೆಡುವುದು ಕಟ್ಟಡದವರದು.

ನಮ್ಮ ಅಕ್ಕನ ಕರಾರಿನಲ್ಲಿ “ಪೈಪು, ಟ್ಯಾಂಕು, ಮಾಳಿಗೆ ರಿಪೇರಿ ಮಾಲೀಕರದು” ಎಂದು ಬರೆದಿತ್ತು. ಹಾಗಾಗಿ ಟ್ಯಾಂಕಿನ ಪೈಪು ಮಾಲೀಕರದು. ಅಡುಗೆ ಮನೆ ನಲ್ಲಿ ಅಕ್ಕನದು. ಆದರೆ ಬಾಡಿಗೆದಾರರ ಮಕ್ಕಳು ಕಲ್ಲು ಹೊಡೆದು ಪೈಪು ಒಡೆದಿದ್ದರೆ? ಆಗ ಆ ಖರ್ಚು ಬಾಡಿಗೆದಾರರದೇ. ಹಪ್ಪಳದ ಹಾಗೆ ಆದ ಹಳೆ ತುಂಡನ್ನು ಅಕ್ಕ ಇಟ್ಟುಕೊಂಡದ್ದು ಇದಕ್ಕೆ. ಪೈಪು ವಯಸ್ಸಾಗಿ ಸೀಳಿತು, ಯಾರೂ ಹೊಡೆದು ಒಡೆದದ್ದಲ್ಲ ಎಂದು ಅದು ತೋರಿಸುತ್ತದೆ.

ಬಿಲ್ಲು ಹೇಗಿರಬೇಕು?

ಅಂಗಡಿಯವರು ಒಂದು ಚೀಟಿಯಲ್ಲಿ “ಸಾಮಾನು 1070” ಅಂತ ಗೀಚಿ ಕೊಟ್ಟರೆ ಅದು ಬಿಲ್ಲಲ್ಲ. ಅಂಗಡಿಯ ಹೆಸರು, ಬಿಲ್ಲಿನ ನಂಬರು, ತಾರೀಕು ಇರಬೇಕು. ಒಂದೊಂದು ಸಾಮಾನಿನ ಹೆಸರು, ಬೆಲೆ ಬೇರೆ ಬೇರೆ ಇರಬೇಕು. ಅಕ್ಕ ಒಂದು ಜಾಣತನ ಮಾಡಿದಳು. ಪೈಪಿನ ಸಾಮಾನಿಗೆ ಒಂದು ಬಿಲ್ಲು, ನಲ್ಲಿಗೆ ಇನ್ನೊಂದು ಬಿಲ್ಲು ಬರೆಸಿದಳು. ಎರಡೂ ಒಂದೇ ಬಿಲ್ಲಿನಲ್ಲಿದ್ದರೆ ಮಾಲೀಕರಿಗೆ “ನಿನ್ನ ನಲ್ಲಿಗೂ ನಾನೇ ದುಡ್ಡು ಕೊಡ್ಲಾ?” ಎಂಬ ಅನುಮಾನ ಬರುತ್ತದೆ. ಒಂದು ಅನುಮಾನ ಬಂದರೆ ಇಡೀ ಬಿಲ್ಲಿನ ಮೇಲೆ ಬರುತ್ತದೆ.

ಪ್ಲಂಬರನ ಹತ್ತಿರ ಅಚ್ಚಾದ ಬಿಲ್ಲು ಪುಸ್ತಕ ಇರಲಿಲ್ಲ. ಬಹಳ ಜನರ ಹತ್ತಿರ ಇರುವುದಿಲ್ಲ. ಬಿಳಿ ಹಾಳೆಯಲ್ಲಿ ಬರೆಸಿಕೊಂಡರೂ ನಡೆಯುತ್ತದೆ. ಅಕ್ಕ ಬರೆಸಿಕೊಂಡದ್ದು ಹೀಗೆ:

“ದಿನಾಂಕ 8-6-2025. ಜಂಗಮಕೋಟೆಯ ಈ ಮನೆಯಲ್ಲಿ ಟ್ಯಾಂಕಿನ ಬುಡದ ಸೀಳಿದ ಪೈಪು, ವಾಲ್ವ್ ಬದಲಾಯಿಸಿದ್ದೇನೆ. ಸಂಜೆ 6.30ರಿಂದ ರಾತ್ರಿ 9.30ರ ತನಕ ಕೆಲಸ. ಕೂಲಿ 600 ರೂಪಾಯಿ. ಬೇರೆ, ಅಡುಗೆ ಮನೆ ನಲ್ಲಿ ಹಾಕಿದ ಕೂಲಿ 100 ರೂಪಾಯಿ. ಒಟ್ಟು 700 ರೂಪಾಯಿ ಮುಟ್ಟಿದೆ.”

ಕೆಳಗೆ ಪ್ಲಂಬರನ ಹೆಸರು, ಫೋನ್ ನಂಬರು, ಸಹಿ. ‘ಮುಟ್ಟಿದೆ’ ಎಂಬ ಮಾತು ಇರಲೇಬೇಕು. ಅದಿಲ್ಲದಿದ್ದರೆ ಇಷ್ಟು ಕೇಳಿದ ಅಂತ ಆಗುತ್ತದೆ. ಇಷ್ಟು ಕೊಟ್ಟೆವು ಅಂತ ಆಗುವುದಿಲ್ಲ. ಫೋನಿನಲ್ಲಿ ದುಡ್ಡು ಹಾಕಿದ್ದರೆ ಆ ಲೆಕ್ಕವೂ ಫೋನಿನಲ್ಲಿ ಉಳಿಯುತ್ತದೆ. ಅದನ್ನು ಅಳಿಸಬೇಡಿ.

ಇನ್ನೊಂದು ವಿಷಯ. ಅಂಗಡಿಯ ಮಿಷಿನ್ನಿನಿಂದ ಬರುವ ನುಣುಪಾದ ಕಾಗದದ ಬಿಲ್ಲು ಕೆಲವು ತಿಂಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಬಿಸಿಲಿಗೆ, ಬಿಸಿಗೆ ಇನ್ನೂ ಬೇಗ ಮಾಸುತ್ತದೆ. ಅಂಥ ಬಿಲ್ಲನ್ನು ಮಾರನೇ ದಿನವೇ ಜೆರಾಕ್ಸ್ ಮಾಡಿಸಿ.

ಲೆಕ್ಕ ಮಾಡೋಣ

ಪೈಪಿನ ಸಾಮಾನು ಇಷ್ಟು:
ಟ್ಯಾಂಕಿನ ನಿಪ್ಪಲ್ — 90 ರೂ.
ವಾಲ್ವ್ — 220 ರೂ.
ಒಂದು ಇಂಚಿನ ಪೈಪು, 10 ಅಡಿ — 280 ರೂ.
ಮೂಲೆ ತಿರುವು, ಎರಡು — 50 ರೂ.
ಅಂಟು — 60 ರೂ.
ಬಿಳಿ ಟೇಪು — 20 ರೂ.
ಒಟ್ಟು — 720 ರೂ.

ಪೈಪಿನ ಕೂಲಿ 600. ಸಾಮಾನು 720. ಕೂಡಿದರೆ 1320 ರೂಪಾಯಿ. ಇದು ಮಾಲೀಕರು ಕೊಡಬೇಕಾದದ್ದು.

ನಲ್ಲಿ 350. ಅದರ ಕೂಲಿ 100. ಕೂಡಿದರೆ 450 ರೂಪಾಯಿ. ಇದು ಅಕ್ಕನ ಖರ್ಚು.

ಅಕ್ಕನ ಕೈಯಿಂದ ಹೋದದ್ದು ಒಟ್ಟು 1770 ರೂಪಾಯಿ. ಅವಳು ಕೇಳಿದ್ದು 1320 ಮಾತ್ರ.

ಪತ್ರ ಬರೆಯೋಣ

ಜೂನ್ ಬಾಡಿಗೆಯನ್ನು ಅಕ್ಕ 5ನೇ ತಾರೀಕೇ ಕೊಟ್ಟಿದ್ದಳು. ಇನ್ನು ಜುಲೈ ಬಾಡಿಗೆ. ಅಲ್ಲಿ ತನಕ ಸುಮ್ಮನಿದ್ದು, ಜುಲೈನಲ್ಲಿ ಕಡಿಮೆ ದುಡ್ಡು ಕೊಟ್ಟರೆ ಸರಿಯೇ? ಸರಿಯಲ್ಲ. ಒಪ್ಪಿಗೆ ಇಲ್ಲದೆ, ಬರಹ ಇಲ್ಲದೆ ಕಡಿಮೆ ಕೊಟ್ಟರೆ ಅದು ‘ಬಾಡಿಗೆ ಬಾಕಿ’ ಅಂತ ಮಾಲೀಕರ ಲೆಕ್ಕದಲ್ಲಿ ಕೂರುತ್ತದೆ. ನಾಳೆ ಮನೆ ಬಿಡಿಸಲು ಅದೇ ನೆಪ ಆಗಬಹುದು. ಅದಕ್ಕೇ ಅಕ್ಕ ಎರಡೇ ದಿನದಲ್ಲಿ ಪತ್ರ ಬರೆದಳು.

ಜಂಗಮಕೋಟೆ
ದಿನಾಂಕ: 10-6-2025

ಇವರಿಂದ: (ಬಾಡಿಗೆದಾರರ ಹೆಸರು, ವಿಳಾಸ)
ಇವರಿಗೆ: (ಮನೆ ಮಾಲೀಕರ ಹೆಸರು, ವಿಳಾಸ)

ಮಾನ್ಯರೇ,

ವಿಷಯ: ಟ್ಯಾಂಕಿನ ಪೈಪು ರಿಪೇರಿಗೆ ಕೊಟ್ಟ 1320 ರೂಪಾಯಿ ಬಗ್ಗೆ.

ತಾರೀಕು 8-6-2025ರ ಸಂಜೆ ನಮ್ಮ ಮನೆಯ ಟ್ಯಾಂಕಿನ ಬುಡದಲ್ಲಿ ಪೈಪು ಸೀಳಿತು. ನೀರು ಕರೆಂಟು ಮೀಟರ್ ಕಡೆಗೆ ಇಳಿಯುತ್ತಿತ್ತು. ತಮಗೆ ಮೂರು ಸಲ ಫೋನ್ ಮಾಡಿದೆ. ಸುದ್ದಿ, ಫೋಟೋ ಕಳಿಸಿದೆ. ಕಾಯಲು ಆಗದೆ ಪ್ಲಂಬರನ್ನು ಕರೆಸಿ ರಿಪೇರಿ ಮಾಡಿಸಿದೆ.

ಸಾಮಾನಿಗೆ 720 ರೂಪಾಯಿ, ಕೂಲಿ 600 ರೂಪಾಯಿ, ಒಟ್ಟು 1320 ರೂಪಾಯಿ ಕೊಟ್ಟಿದ್ದೇನೆ. ಅಡುಗೆ ಮನೆ ನಲ್ಲಿಯ ಖರ್ಚು ನನ್ನದು. ಅದನ್ನು ಇದರಲ್ಲಿ ಸೇರಿಸಿಲ್ಲ.

ನಮ್ಮ ಕರಾರಿನಂತೆ ಪೈಪಿನ ರಿಪೇರಿ ತಮ್ಮದು. ಆದ್ದರಿಂದ ಈ ಹಣವನ್ನು ಕೊಡಬೇಕು, ಇಲ್ಲವೇ ಜುಲೈ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಒಪ್ಪಬೇಕು ಎಂದು ಕೋರುತ್ತೇನೆ. ದಯವಿಟ್ಟು ಜೂನ್ 25ರ ಒಳಗೆ ತಿಳಿಸಿ. ಹಳೆ ಪೈಪಿನ ತುಂಡು ನಮ್ಮಲ್ಲಿದೆ. ತಾವು ಬಂದು ನೋಡಬಹುದು.

ಇಂತಿ,
(ಸಹಿ)

ಲಗತ್ತು:
1. ಅಂಗಡಿ ಬಿಲ್ಲಿನ ಜೆರಾಕ್ಸ್ — 720 ರೂ.
2. ಪ್ಲಂಬರನ ರಸೀದಿಯ ಜೆರಾಕ್ಸ್ — ಪೈಪಿನ ಕೂಲಿ 600 ರೂ.
3. ಫೋಟೋ — ಎರಡು

‘ಲಗತ್ತು’ ಅಂದರೆ ಪತ್ರದ ಜೊತೆ ಸೇರಿಸಿದ ಕಾಗದಗಳು. ಅವನ್ನು ಒಂದೊಂದಾಗಿ ಎಣಿಸಿ ಬರೆಯಬೇಕು. ಆಗ “ಬಿಲ್ಲೇ ಇರಲಿಲ್ಲ” ಎಂದು ಯಾರೂ ಹೇಳಲಾರರು. ಜೆರಾಕ್ಸ್ ಕೊಡಿ. ಅಸಲು ಬಿಲ್ಲು ನಿಮ್ಮಲ್ಲಿ ಇರಲಿ. ಮಾಲೀಕರು ಅಸಲು ನೋಡಬೇಕು ಅಂದರೆ ಎದುರಿಗೆ ತೋರಿಸಿ. ದುಡ್ಡು ಕೈಗೆ ಬಂದ ಮೇಲೆ ಅಸಲು ಕೊಡಬಹುದು.

ಪತ್ರ ಎರಡು ಪ್ರತಿ ಮಾಡಿ. ಕೈಯಲ್ಲೇ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ “ತಲುಪಿದೆ” ಅಂತ ಬರೆಸಿ ಸಹಿ, ತಾರೀಕು ಹಾಕಿಸಿಕೊಳ್ಳಿ. ದೂರ ಇದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಂಚೆ ರಸೀದಿಯನ್ನು ಪ್ರತಿಗೆ ಪಿನ್ ಮಾಡಿ ಇಡಿ.

ಮಾಲೀಕರು ಬಂದರು

ಪತ್ರ ತಲುಪಿದ ಮೇಲೆ ಒಂದು ಭಾನುವಾರ ಮಾಲೀಕರು ಊರಿಗೆ ಬಂದರು.

“ಏನಮ್ಮಾ, ನನ್ನ ಒಂದು ಮಾತು ಕೇಳ್ದೆ ಮಾಡಿಸ್ಬಿಟ್ರಲ್ಲ?”

“ಕೇಳೋಕೇ ಮೂರು ಸಲ ಫೋನ್ ಮಾಡ್ದೆ ಅಣ್ಣಾ. ನೋಡಿ, ಫೋನಲ್ಲಿ ಟೈಮೂ ಇದೆ.”

“ಫೋನು ಚಾರ್ಜಿಗೆ ಹಾಕಿದ್ದೆ ಕಣಮ್ಮ. ಹೋಗ್ಲಿ, ಕೂಲಿ 600 ಅಂದ್ರೆ ಜಾಸ್ತಿ ಆಯ್ತು.”

“ಭಾನುವಾರ ರಾತ್ರಿ ಅಣ್ಣಾ. ಎರಡು ಸಲ ಅಂಗಡಿಗೆ ಓಡಿದ್ರು. ಅವ್ರ ನಂಬರು ರಸೀದೀಲೇ ಇದೆ. ನೀವೇ ಕೇಳಿ.”

ಮಾಲೀಕರು ಫೋನ್ ಮಾಡಿ ಕೇಳಿದರು. ಮಾಳಿಗೆ ಹತ್ತಿ ಹೊಸ ಪೈಪು ನೋಡಿದರು. ಹಳೆ ತುಂಡನ್ನು ಬೆರಳಲ್ಲಿ ಒತ್ತಿದರು. ಅದು ಪಟ್ಟನೆ ಮುರಿಯಿತು.

“ಸರಿ ಬಿಡಮ್ಮ. ಅಡ್ವಾನ್ಸಲ್ಲಿ ಸೇರಿಸ್ಕೊಳ್ಳೋಣ. ಮನೆ ಬಿಡೋವಾಗ ಕೊಡ್ತೀನಿ.”

ಅಕ್ಕ ಇದಕ್ಕೆ ಒಪ್ಪಲಿಲ್ಲ. “ಬಿಡೋ ಹೊತ್ತಿಗೆ ನಿಮ್ಗೂ ಮರೆತೋಗುತ್ತೆ, ನಮ್ಗೂ ಮರೆತೋಗುತ್ತೆ ಅಣ್ಣಾ. ಬಾಡಿಗೇಲೇ ಹಿಡ್ಕೊಳ್ಳೋಣ,” ಎಂದಳು. ಮಾಲೀಕರು ನಕ್ಕು ಒಪ್ಪಿದರು.

ಕೊನೆಯ ಹೆಜ್ಜೆ: ರಸೀದಿ

ಜುಲೈ ಬಾಡಿಗೆ 4500. ಅದರಲ್ಲಿ 1320 ಕಳೆದರೆ 3180 ರೂಪಾಯಿ. ಅಕ್ಕ 3180 ಕೊಟ್ಟಳು. ಮಾಲೀಕರು ರಸೀದಿ ಬರೆಯುವಾಗ “3180 ರೂಪಾಯಿ ಬಂದಿದೆ” ಎಂದಷ್ಟೇ ಬರೆಯಹೋದರು. ಅಕ್ಕ ತಡೆದಳು. ಹಾಗೆ ಬರೆದರೆ ಮುಂದೆ ಯಾರಾದರೂ ನೋಡಿದಾಗ 1320 ಬಾಕಿ ಇದೆ ಅನ್ನಿಸುತ್ತದೆ. ಆಮೇಲೆ ಹೀಗೆ ಬರೆಸಿದಳು:

“2025ರ ಜುಲೈ ತಿಂಗಳ ಬಾಡಿಗೆ 4500 ರೂಪಾಯಿ. ಇದರಲ್ಲಿ 8-6-2025ರ ಪೈಪು ರಿಪೇರಿ ಖರ್ಚು 1320 ರೂಪಾಯಿ ವಜಾ ಮಾಡಿ, 3180 ರೂಪಾಯಿ ನಗದು ಬಂದಿದೆ. ಜುಲೈ ಬಾಡಿಗೆ ಪೂರ್ತಿ ಸಂದಾಯವಾಗಿದೆ. ಬಾಕಿ ಇಲ್ಲ.”

‘ವಜಾ’ ಅಂದರೆ ಕಳೆದದ್ದು. ಈ ರಸೀದಿಯೇ ಇಡೀ ಪಾಠದ ಫಲ. 5000 ರೂಪಾಯಿ ಮೀರಿದ ನಗದು ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಬೇಕು. ಇಲ್ಲಿ ಅಷ್ಟು ಇಲ್ಲ. ಆದ್ದರಿಂದ ಬೇಕಾಗಿಲ್ಲ.

ಒಪ್ಪದಿದ್ದರೆ?

ಎಲ್ಲಾ ಮಾಲೀಕರೂ ನಕ್ಕು ಒಪ್ಪುವುದಿಲ್ಲ. ಕೆಲವರು ಅರ್ಧ ಕೊಡುತ್ತೇನೆ ಅನ್ನಬಹುದು. ಎರಡು ತಿಂಗಳಲ್ಲಿ 660ರಂತೆ ಹಿಡಿದುಕೊಳ್ಳಿ ಅನ್ನಬಹುದು. ಅದು ನಿಮಗೆ ಒಪ್ಪಿಗೆಯಾದರೆ ಅದನ್ನೂ ಬರೆಸಿಕೊಳ್ಳಿ. ಏನೂ ಕೊಡುವುದಿಲ್ಲ ಅಂದರೆ ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ಬಾಡಿಗೆ ಪೂರ್ತಿ ಕೊಡುತ್ತಾ, ರಸೀದಿ ತೆಗೆದುಕೊಳ್ಳುತ್ತಾ, ಸಲಹೆ ಕೇಳಿ.

ಶಿಡ್ಲಘಟ್ಟದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಅಲ್ಲಿ ಕಾನೂನು ನೆರವು ಉಚಿತ. ಹೆಂಗಸರಿಗೆ ವರಮಾನದ ಮಿತಿಯೂ ಇಲ್ಲ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಕರಾರು, ಪತ್ರದ ಪ್ರತಿ, ಬಿಲ್ಲುಗಳು, ಬಾಡಿಗೆ ರಸೀದಿಗಳು, ಈ ನಾಲ್ಕನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಅಲ್ಲಿ ದಾರಿ ಇದೆ. 1320 ರೂಪಾಯಿಗೆ ಕೇಸು ಹಾಕಿ ವರ್ಷಗಟ್ಟಲೆ ಅಲೆಯುವುದಕ್ಕಿಂತ ರಾಜಿ ಮೇಲು.

ನೆನಪಿಡಿ

ಮೊದಲು ತಿಳಿಸು.
ಬಿಲ್ಲು ಬೇರೆ ಬೇರೆ ಬರೆಸು.
ಹಳೆ ತುಂಡು ಇಟ್ಟುಕೋ.
ಪತ್ರದ ಪ್ರತಿ ಇಟ್ಟುಕೋ.
ರಸೀದಿಯಲ್ಲಿ “ಬಾಕಿ ಇಲ್ಲ” ಬರೆಸು.

ಅಭ್ಯಾಸ

1. ವಾಲ್ವ್ ಮುಚ್ಚಿದರೂ ನೀರು ನಿಲ್ಲಲಿಲ್ಲ. ಯಾಕೆ?
2. ನಲ್ಲಿಯ 450 ರೂಪಾಯಿಯನ್ನು ಅಕ್ಕ ಯಾಕೆ ಕೇಳಲಿಲ್ಲ?
3. ಬಾಡಿಗೆ 3000 ರೂಪಾಯಿ. ಪೈಪು ರಿಪೇರಿ ಖರ್ಚು 850 ರೂಪಾಯಿ. ಮಾಲೀಕರು ವಜಾ ಮಾಡಲು ಒಪ್ಪಿದರು. ಎಷ್ಟು ಕೊಡಬೇಕು? ಲೆಕ್ಕ ಮಾಡಿ, ರಸೀದಿ ಬರೆಯಿರಿ.
4. ನಿಮ್ಮ ಮನೆ ಬಾಡಿಗೆಯದಾದರೆ ಕರಾರು ಪತ್ರ ತೆಗೆಯಿರಿ. ರಿಪೇರಿ ಬಗ್ಗೆ ಬರೆದ ಸಾಲನ್ನು ಹುಡುಕಿ, ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಅಂಥ ಸಾಲು ಇಲ್ಲದಿದ್ದರೆ, ಕರಾರು ಹೊಸದು ಮಾಡುವಾಗ ಯಾವ ಸಾಲು ಸೇರಿಸುತ್ತೀರಿ? ಬರೆಯಿರಿ.